ಜೆಸಿಬಿ ಬಕೆಟ್‌ಗೆ ಸಿಕ್ಕ 11 ಕೆವಿ ಕೇಬಲ್: ತುಂಡಾಗಿದ್ದು ಒಂದು ಕಡೆ, ಕೆಟ್ಟಿದ್ದು ಎರಡು ಕಡೆ

ಕೇಬಲ್ ಕಂಟ್ರಾಕ್ಟರ್ (ಮೊದಲ ಪೋಸ್ಟ್)

ಎಲ್ಲರಿಗೂ ನಮಸ್ಕಾರ. ನಮ್ಮ ತಂಡ ಈಚೆಗೆ ಮುಗಿಸಿದ ಒಂದು ರಿಪೇರಿಯ ವರದಿ ಇದು. ಇಲಾಖೆಗೆ ಕೊಟ್ಟ ವರದಿ ಎರಡು ಪುಟದ್ದು, ಇಲ್ಲಿ ಸ್ವಲ್ಪ ಬಿಡಿಸಿ ಬರೆಯುತ್ತಿದ್ದೇನೆ. ಊರು, ಕಂಪನಿ ಹೆಸರು ಬೇಡ. ಒಂದು ಜಿಲ್ಲಾ ಕೇಂದ್ರದ ಬಡಾವಣೆ ಅಂತ ಇಟ್ಟುಕೊಳ್ಳಿ.

ಬೆಳಿಗ್ಗೆ 11.20ಕ್ಕೆ ಚರಂಡಿ ಕೆಲಸದ ಜೆಸಿಬಿ ಒಂದು 11 ಕೆವಿ ಕೇಬಲ್ ಎಳೆದು ತುಂಡು ಮಾಡಿತು. ಮೂರು ಕೋರಿನ, 240 ಸ್ಕ್ವೇರ್ ಎಂಎಂ ಅಲ್ಯೂಮಿನಿಯಂ ಎಕ್ಸ್‌ಎಲ್‌ಪಿಇ ಕೇಬಲ್. ಸಬ್‌ಸ್ಟೇಷನ್‌ನಲ್ಲಿ ಫೀಡರ್ ಟ್ರಿಪ್ ಆಯಿತು. ಡ್ರೈವರ್‌ಗೆ ಏನೂ ಆಗಲಿಲ್ಲ, ಅದೇ ದೊಡ್ಡ ವಿಷಯ.

ಮೊದಲು ಸಪ್ಲೈ ವಿಚಾರ. ಈ ಫೀಡರ್ ಮೇಲೆ ನಾಲ್ಕು ಆರ್‌ಎಂಯು, ಅಂದರೆ ಫೀಡರ್‌ನ ಭಾಗಗಳನ್ನು ಸೇರಿಸುವ, ಬೇರ್ಪಡಿಸುವ ಸ್ವಿಚ್ ಪೆಟ್ಟಿಗೆಗಳು ಇವೆ. ತುಂಡಾಗಿದ್ದು ಎರಡನೆಯದಕ್ಕೂ ಮೂರನೆಯದಕ್ಕೂ ಮಧ್ಯೆ. ಲೈನ್‌ಮನ್‌ಗಳು ಆ ಎರಡೂ ಕಡೆ ಸ್ವಿಚ್ ತೆಗೆದರು. ಎರಡನೇ ಆರ್‌ಎಂಯು ತನಕ ಅದೇ ಫೀಡರಿಂದ ಚಾರ್ಜ್ ಮಾಡಿದರು. ಮೂರು ಮತ್ತು ನಾಲ್ಕನ್ನು ಆ ಕಡೆಯ ಪಕ್ಕದ ಫೀಡರ್‌ಗೆ ಸೇರಿಸಿದರು. 12.15ಕ್ಕೆ ಎಲ್ಲ ಮನೆಗಳಿಗೂ ಕರೆಂಟ್ ಬಂತು. ಆದರೆ ಆ ಪಕ್ಕದ ಫೀಡರ್‌ನ ಮಿತಿ 250 ಆಂಪಿಯರ್. ಮಧ್ಯಾಹ್ನ ಎಲ್ಲ ಸೇರಿ 220ಕ್ಕೆ ನಿಂತಿತ್ತು. ಸಂಜೆ 7ರ ನಂತರ 270 ದಾಟುತ್ತದೆ ಅಂತ ಸಬ್‌ಸ್ಟೇಷನ್‌ನವರು ಮೊದಲೇ ಹೇಳಿದ್ದರು. ಹಾಗಾಗಿ 7ರಿಂದ 9.30ರ ತನಕ ಕೆಲವು ಟಿಸಿಗಳನ್ನು ಸರದಿ ಮೇಲೆ ಅರ್ಧ ಅರ್ಧ ಗಂಟೆ ಬಂದ್ ಮಾಡಬೇಕಾಯಿತು.

ಲೈನ್ ಬಂದ್ ಇದೆ, ಕೆಲಸ ಮಾಡಬಹುದು ಅನ್ನುವ ಲೈನ್ ಕ್ಲಿಯರ್ ನಮಗೆ ಸಿಕ್ಕಿದ್ದು 12.40ಕ್ಕೆ. ಎರಡೂ ತುದಿ ಅರ್ಥ್ ಮಾಡಿದ್ದನ್ನು ಕಣ್ಣಾರೆ ನೋಡಿದ ಮೇಲೇ ಗುಂಡಿಗೆ ಇಳಿದೆವು.

ತುಂಡಾದ ಜಾಗ ಎದುರಿಗೇ ಕಾಣುತ್ತಿತ್ತು. ಎರಡು ಜಾಯಿಂಟ್ ಹಾಕಿ, ನಡುವೆ ಮೂರು ಮೀಟರ್ ಕೇಬಲ್ ಕೊಟ್ಟು ಮುಚ್ಚಿಬಿಡಿ ಅಂತ ಸ್ಥಳದಲ್ಲಿದ್ದವರೆಲ್ಲ ಹೇಳಿದರು. ನಾವು ಮೊದಲು ತುಂಡಿನ ಎರಡೂ ತುದಿಗಳನ್ನು ಕ್ಲೀನಾಗಿ ಕತ್ತರಿಸಿ, ಕೋರುಗಳನ್ನು ಬೇರೆ ಬೇರೆ ಬಿಡಿಸಿ, ಇನ್ಸುಲೇಷನ್ ಅಳೆಯುವ 5 ಕೆವಿ ಮೆಗ್ಗರ್ ಹಾಕಿದೆವು. ಎರಡನೇ ಆರ್‌ಎಂಯು ಕಡೆಯ 410 ಮೀಟರ್‌ನಲ್ಲಿ ಮೂರೂ ಫೇಸ್ 2000 ಮೆಗಾ ಓಮ್ ಮೇಲೆ ಬಂತು. ಮೂರನೇ ಆರ್‌ಎಂಯು ಕಡೆಯ 230 ಮೀಟರ್‌ನಲ್ಲಿ ಆರ್ ಮತ್ತು ಬಿ ಚೆನ್ನಾಗಿದ್ದವು. ವೈ ಫೇಸ್ ಬರೀ 3 ಮೆಗಾ ಓಮ್.

ಅಂದರೆ ಮಣ್ಣೊಳಗೆ ಇನ್ನೊಂದು ಕಡೆ ಪೆಟ್ಟು ಬಿದ್ದಿದೆ ಅಂತಾಯಿತು. ಪಲ್ಸ್ ಕಳಿಸಿ, ಅದು ವಾಪಸ್ ಬರುವ ಹೊತ್ತಿನಿಂದ ದೂರ ಹೇಳುವ ಟಿಡಿಆರ್ ಹಾಕಿದರೆ 230ರ ತುದಿ ಸ್ಪಷ್ಟವಾಗಿ ಕಂಡಿತು, ಅದಕ್ಕೆ ಸ್ವಲ್ಪ ಮುಂಚೆ ಒಂದು ಸಣ್ಣ ಏರಿಳಿತ ಇತ್ತು. ನಕ್ಷೆಯಲ್ಲಿ ಅಲ್ಲಿ ಏನೂ ಇಲ್ಲ. ಆಮೇಲೆ ಮೂರನೇ ಆರ್‌ಎಂಯುನಿಂದ ವೈ ಫೇಸ್‌ಗೆ ಥಂಪರ್ ಕೊಟ್ಟೆವು, ಅದು ಹೆಚ್ಚು ವೋಲ್ಟೇಜ್‌ನ ಹೊಡೆತ ಕೊಟ್ಟು ಫಾಲ್ಟ್ ಇರುವಲ್ಲಿ ಶಬ್ದ ಬರಿಸುವ ಯಂತ್ರ. ತುಂಡಾದ ತುದಿಯ ಹತ್ತಿರ ಯಾರೂ ಹೋಗದಂತೆ ಒಬ್ಬರನ್ನು ಕಾವಲಿಗೆ ನಿಲ್ಲಿಸಿದ್ದೆವು. 8 ಕೆವಿಗೆ ನೆಲದಲ್ಲಿ ದಪ್ ಅಂತ ಶಬ್ದ ಶುರುವಾಯಿತು. ಗ್ರೌಂಡ್ ಮೈಕ್ ಇಟ್ಟು ಹುಡುಕಿದಾಗ, ತುಂಡಾದ ಜಾಗದಿಂದ 9 ಮೀಟರ್ ಆಚೆ ಶಬ್ದ ಎಲ್ಲಕ್ಕಿಂತ ಜೋರಾಗಿತ್ತು. ಕೈಯಲ್ಲಿ ಅಗೆದರೆ ಒಂದು ಹಳೇ ಸ್ಟ್ರೇಟ್ ಜಾಯಿಂಟ್. ಅದರ ಮೇಲೆ ಹೊದಿಸಿದ ಕೊಳವೆಯಂಥ ಕಪ್ಪು ತೋಳು ಒಂದು ತುದಿಯಲ್ಲಿ ಹರಿದು, ಒಳಗೆ ಕೆಸರು ನೀರು ನುಗ್ಗಿತ್ತು. ಬಕೆಟ್ ಕೇಬಲ್ ಎಳೆದಾಗ ಆ ಜಗ್ಗು ಹೋಗಿ ನಿಂತಿದ್ದು ಈ ಜಾಯಿಂಟ್ ಮೇಲೆ.

ಮೂರು ಮೀಟರ್ ತುಂಡು ಹಾಕಿ ಮುಚ್ಚಿದ್ದರೆ ಚಾರ್ಜ್ ಮಾಡಿದ ತಕ್ಷಣ ಮತ್ತೆ ಟ್ರಿಪ್ ಆಗುತ್ತಿತ್ತು. ಇಲ್ಲವೇ ಮೊದಲ ಮಳೆಯಲ್ಲಿ.

ಕೊನೆಗೆ ಹಳೇ ಜಾಯಿಂಟನ್ನೂ ಸೇರಿಸಿ ಆ ಭಾಗ ಪೂರ್ತಿ ತೆಗೆದು, 14 ಮೀಟರ್ ಹೊಸ ಕೇಬಲ್ ಎಳೆದು, ಎರಡೇ ಜಾಯಿಂಟ್‌ನಲ್ಲಿ ಮುಗಿಸಿದೆವು. ಇಬ್ಬರು ಜಾಯಿಂಟರ್‌ಗಳು ಒಟ್ಟಿಗೆ ಕೂತು 6.30ಕ್ಕೆ ಶುರು ಮಾಡಿ 10.30ಕ್ಕೆ ಎದ್ದರು. ಟೆಸ್ಟ್ ಮುಗಿಸಿ 11.50ಕ್ಕೆ ಚಾರ್ಜ್ ಆಯಿತು.

ಈಗ ಜಗಳ ಇರುವುದು ದುಡ್ಡು ಯಾರು ಕೊಡಬೇಕು ಅನ್ನುವುದರಲ್ಲಿ. ಅದಕ್ಕಿಂತ ಮುಂಚೆ ಟೆಸ್ಟ್ ಬಗ್ಗೆ, ಗುರುತು ಹಾಕುವ ಬಗ್ಗೆ ಗೊತ್ತಿರುವವರು ಏನು ಹೇಳುತ್ತೀರಿ ಅಂತ ಕೇಳಬೇಕಿತ್ತು.

---

ಸೈಟ್ ಎಲೆಕ್ಟ್ರಿಷಿಯನ್

ಅಣ್ಣ, ಒಳ್ಳೆಯ ಮಾಹಿತಿ. ಆದರೆ ಥಂಪರ್ ಹಾಕಿದ್ದು ತಪ್ಪಲ್ವಾ? ಹಳೇ ಎಕ್ಸ್‌ಎಲ್‌ಪಿಇ ಕೇಬಲ್‌ಗೆ ಥಂಪರ್ ಕೊಟ್ಟರೆ ಕೇಬಲ್ ಆಯಸ್ಸು ಕಡಿಮೆ ಆಗುತ್ತೆ ಅಂತ ನಮ್ಮ ಸೂಪರ್‌ವೈಸರ್ ಯಾವಾಗಲೂ ಹೇಳುತ್ತಾರೆ. ಟಿಡಿಆರ್ ಒಂದೇ ಸಾಕಿತ್ತು. ಫಾಲ್ಟ್ ಎಲ್ಲಿದೆ ಅಂತ ಮೀಟರ್ ಲೆಕ್ಕದಲ್ಲಿ ಅದೇ ತೋರಿಸುತ್ತೆ.

---

ಕೇಬಲ್ ಕಂಟ್ರಾಕ್ಟರ್

ಥಂಪರ್ ಬಗ್ಗೆ ನಿಮ್ಮ ಸೂಪರ್‌ವೈಸರ್ ಹೇಳಿದ್ದು ಸರಿ. ಸುಮ್ನೆ ಗಂಟೆಗಟ್ಟಲೆ ಹೊಡೆಯುತ್ತಾ ಕೂತರೆ ಚೆನ್ನಾಗಿರುವ ಭಾಗವೂ ಹಾಳಾಗುತ್ತದೆ. ಅದಕ್ಕೇ ಕಡಿಮೆ ವೋಲ್ಟೇಜ್‌ನಿಂದ ಶುರು ಮಾಡಿ, ಶಬ್ದ ಬಂದ ಮಟ್ಟಕ್ಕೇ ನಿಲ್ಲಿಸಿ, ಜಾಗ ಸಿಕ್ಕ ಕೂಡಲೇ ಆಫ್ ಮಾಡಿದೆವು.

ಟಿಡಿಆರ್ ವಿಷಯದಲ್ಲಿ ಮಾತ್ರ ಒಪ್ಪಲ್ಲ. ಅದು ಕಳಿಸುವುದು ಕೆಲವೇ ವೋಲ್ಟ್‌ನ ಪಲ್ಸ್. ವೈರ್ ಪೂರ್ತಿ ತುಂಡಾಗಿದ್ದರೆ, ಇಲ್ಲ ಪೂರ್ತಿ ಶಾರ್ಟ್ ಆಗಿದ್ದರೆ ಚೆನ್ನಾಗಿ ತೋರಿಸುತ್ತದೆ. 3 ಮೆಗಾ ಓಮ್ ಫಾಲ್ಟ್ ಅದರ ಕಣ್ಣಿಗೆ ಬೀಳುವುದೇ ಇಲ್ಲ. ನಮಗೆ ಕಂಡ ಸಣ್ಣ ಏರಿಳಿತ ಜಾಯಿಂಟ್ ಇದೆ ಅಂತ ಹೇಳಿತು, ಅಷ್ಟೇ. ಒಳ್ಳೆಯ ಜಾಯಿಂಟ್‌ಗೂ ಹಾಗೆಯೇ ಬರುತ್ತದೆ. ಕೆಟ್ಟಿದೆ ಅಂತ ಹೇಳಿದ್ದು ಮೆಗ್ಗರ್, ಎಲ್ಲಿ ಅಂತ ಹೇಳಿದ್ದು ಥಂಪರ್.

---

ನಿವೃತ್ತ ಎಇಇ

ಕೆಲಸ ಅಚ್ಚುಕಟ್ಟಾಗಿ ಮಾಡಿದ್ದೀರಿ. ಮೂರು ಪ್ರಶ್ನೆ ಇವೆ.

ಮೊದಲನೆಯದು, ಟಿಡಿಆರ್‌ನಲ್ಲಿ ವೇಗ ಎಷ್ಟು ಕೊಟ್ಟಿರಿ? ಎಕ್ಸ್‌ಎಲ್‌ಪಿಇ ಅಂತ ಒತ್ತಿದರೆ ಯಂತ್ರ ತನ್ನದೇ ಒಂದು ಅಂಕಿ ಹಿಡಿಯುತ್ತದೆ. ಆದರೆ ಕೇಬಲ್‌ನಿಂದ ಕೇಬಲ್‌ಗೆ ಅದು ಬದಲಾಗುತ್ತದೆ. ಇನ್ನೂರು ಮುನ್ನೂರು ಮೀಟರ್‌ನಲ್ಲಿ ಹತ್ತು ಮೀಟರ್ ತಪ್ಪುವುದು ಏನೂ ಹೆಚ್ಚಲ್ಲ.

ಎರಡನೆಯದು, ಟ್ರಿಪ್ ಆದ ಮೇಲೆ ಸಬ್‌ಸ್ಟೇಷನ್‌ನಿಂದ ಟೆಸ್ಟ್ ಚಾರ್ಜ್ ಮಾಡಿದರಾ? ತಲೆ ಮೇಲಿನ ಲೈನ್‌ನಲ್ಲಿ ಕೊಂಬೆ ತಾಗಿ ಟ್ರಿಪ್ ಆದರೆ ಒಂದು ಸಲ ಹಾಕಿ ನೋಡುವ ರೂಢಿ ಇದೆ. ಕೇಬಲ್ ಫೀಡರ್‌ನಲ್ಲಿ ಹಾಗೆ ಮಾಡಲೇಬಾರದು. ಕೇಬಲ್ ಫಾಲ್ಟ್ ತಾನಾಗಿ ಸರಿಹೋಗುವುದಿಲ್ಲ, ಗುಂಡಿ ಹತ್ತಿರ ಜನ ಬಗ್ಗಿ ನೋಡುತ್ತಾ ನಿಂತಿರುತ್ತಾರೆ.

ಮೂರನೆಯದು ಫೇಸಿಂಗ್. ಹಳೇ ಜಾಯಿಂಟ್ ತೆಗೆದಿದ್ದೀರಿ. ಅದರೊಳಗೆ ಕೋರ್‌ಗಳನ್ನು ಬಣ್ಣಕ್ಕೆ ಬಣ್ಣ ಸೇರಿಸಿದ್ದರಾ, ಅದಲು ಬದಲು ಮಾಡಿದ್ದರಾ?

---

ಕೇಬಲ್ ಕಂಟ್ರಾಕ್ಟರ್

ಸರ್, ವೇಗದ ವಿಷಯದಲ್ಲಿ ಈ ಸಲ ನಮಗೆ ಅನುಕೂಲ ಇತ್ತು. ತುಂಡಾದ ತುದಿ ಎಲ್ಲಿದೆ ಅಂತ ಕಣ್ಣಿಗೇ ಕಾಣುತ್ತಿತ್ತು. ಆರ್‌ಎಂಯು ಹತ್ತಿರ ಬಿಟ್ಟಿರುವ ಲೂಪ್ ಸೇರಿಸಿ ಅಳತೆ ಚಕ್ರದಲ್ಲಿ 230 ಬಂತು. ಟಿಡಿಆರ್‌ನಲ್ಲೂ ಆ ತುದಿ 230ಕ್ಕೆ ಕೂರುವ ತನಕ ವೇಗ ಹೊಂದಿಸಿದೆವು. ಆಮೇಲೆ ಆ ಏರಿಳಿತದ ದೂರ ನಂಬುವಂತಾಯಿತು.

ಟೆಸ್ಟ್ ಚಾರ್ಜ್ ಆಗಲಿಲ್ಲ. ಚರಂಡಿ ಕೆಲಸದ ಮೇಸ್ತ್ರಿ ಕೂಡಲೇ ಫೋನ್ ಮಾಡಿದ್ದರು, ಸಬ್‌ಸ್ಟೇಷನ್ ಆಪರೇಟರ್ ತಡೆದರು.

ಫೇಸಿಂಗ್‌ಗೆ ನಿಮ್ಮ ಅನುಮಾನವೇ ನಿಜವಾಯಿತು. ಹಳೇ ಜಾಯಿಂಟ್ ಬಿಚ್ಚಿದಾಗ ಆರ್ ಮತ್ತು ಬಿ ಅಡ್ಡ ಸೇರಿದ್ದವು. ಬಣ್ಣ ನೋಡಿಕೊಂಡು ಸೇರಿಸಿದ್ದರೆ ಮೂರನೇ ಆರ್‌ಎಂಯುನಲ್ಲಿ ಫೇಸ್ ಉಲ್ಟಾ ಆಗುತ್ತಿತ್ತು. ಅದಕ್ಕೇ ಮೂರನೇ ಆರ್‌ಎಂಯುನಲ್ಲಿ ಒಂದೊಂದೇ ಕೋರ್ ಅರ್ಥ್‌ಗೆ ಕೊಟ್ಟು, ಈ ತುದಿಯಲ್ಲಿ ಯಾವುದು ಸೊನ್ನೆ ತೋರಿಸುತ್ತದೆ ಅಂತ ನೋಡಿ ಟೇಪ್ ಸುತ್ತಿ ಗುರುತು ಮಾಡಿದೆವು. ರಿಂಗ್ ಸೇರಿಸುವ ಮುಂಚೆ ಮತ್ತೆ ಆರ್‌ಎಂಯುನಲ್ಲೇ ಎರಡೂ ಕಡೆ ಫೇಸ್ ಹೋಲಿಸಿ ನೋಡಿದರು.

---

ಮನೆ ನಂ 14

ನಮ್ಮ ರಸ್ತೆಯಲ್ಲೂ ಮೊನ್ನೆಯಿಂದ ಅಗೆಯುತ್ತಿದ್ದಾರೆ. ಕರೆಂಟ್ ಇದೆ, ಆದರೆ ಇಂಟರ್ನೆಟ್ ಇಲ್ಲ. ಫೈಬರ್ ಕಟ್ ಆಗಿದೆಯಂತೆ. ಮಗಳ ಪರೀಕ್ಷೆ ಹತ್ತಿರ ಇದೆ. ನೀವು ಹೇಳಿದ ಈ ಥಂಪರ್ ತಂದರೆ ಬೇಗ ಸಿಗುತ್ತಾ? ಯಾರನ್ನು ಕೇಳಬೇಕು?

---

ಫೈಬರ್ ಸ್ಪ್ಲೈಸರ್

ಮೇಡಂ, ಅದು ತಾಮ್ರ, ಅಲ್ಯೂಮಿನಿಯಂ ಕೇಬಲ್‌ಗೆ. ಫೈಬರ್ ಒಳಗೆ ಹೋಗುವುದು ಬೆಳಕು, ಥಂಪರ್ ಕೆಲಸ ಮಾಡಲ್ಲ. ನಾವು ಒಟಿಡಿಆರ್ ಬಳಸುತ್ತೇವೆ. ಅದು ಕಟ್ ಆಗಿರುವ ದೂರ ಹೇಳುತ್ತದೆ, ಆದರೆ ಹೇಳುವುದು ಫೈಬರ್ ಉದ್ದ. ಚೇಂಬರ್‌ಗಳಲ್ಲಿ ಸುತ್ತಿಟ್ಟ ಲೂಪ್ ಎಲ್ಲ ಅದರಲ್ಲಿ ಸೇರಿರುತ್ತದೆ. ಅದನ್ನು ಕಳೆಯದೆ ರಸ್ತೆ ಮೇಲೆ ಅಳೆದರೆ ಮುಂದಿನ ಬೀದಿಗೆ ಹೋಗಿಬಿಡುತ್ತೀರಿ.

ನೀವು ನಿಮ್ಮ ಇಂಟರ್ನೆಟ್ ಕಂಪನಿಯ ಕಸ್ಟಮರ್ ಕೇರ್‌ಗೆ ದೂರು ಕೊಡಿ, ಜೊತೆಗೆ ಅಗೆದ ಜಾಗದ ಫೋಟೋ ಕಳಿಸಿ. ಫೋಟೋದಿಂದ ನಮಗೆ ಅರ್ಧ ಕೆಲಸ ಉಳಿಯುತ್ತದೆ.

---

ಜೆಸಿಬಿ ಆಪರೇಟರ್

ನಾನು ಹನ್ನೆರಡು ವರ್ಷದಿಂದ ಮೆಷಿನ್ ಓಡಿಸುತ್ತೇನೆ. ಎಲ್ಲರೂ ನಮ್ಮನ್ನೇ ಬೈಯುತ್ತೀರಿ, ನಮ್ಮ ಕಡೆಯಿಂದಲೂ ಕೇಳಿ. ಸೂಪರ್‌ವೈಸರ್ ಸುಣ್ಣದ ಗೆರೆ ಎಳೆದು ಇಲ್ಲಿ ಹೊಡಿ ಅನ್ನುತ್ತಾನೆ. ಕೆಳಗೆ ಏನಿದೆ ಅಂತ ಅವನಿಗೂ ಗೊತ್ತಿರಲ್ಲ.

ಬಕೆಟ್ ಹಲ್ಲಿಗೆ ಕೇಬಲ್ ಸಿಕ್ಕಾಗ ಮರದ ಬೇರು ಸಿಕ್ಕ ಹಾಗೇ ಇರುತ್ತೆ. ಬೇರು ಅಂದುಕೊಂಡು ಲಿವರ್ ಎಳೆಯುತ್ತೇವೆ. ಆಗಲೇ ಹೋಗೋದು. ಈಗ ನಾನು ನೋಡುವುದು ಮಣ್ಣು. ಕೆಂಪು ಮಣ್ಣೋ ಕಪ್ಪು ಮಣ್ಣೋ ಬರುತ್ತಿದ್ದು, ಇದ್ದಕ್ಕಿದ್ದ ಹಾಗೆ ಮರಳು ಬಂದರೆ ನಿಲ್ಲಿಸಿಬಿಡುತ್ತೇನೆ. ಸಾಲಾಗಿ ಇಟ್ಟಿಗೆ ಬಂದರೂ ಅಷ್ಟೇ. ಕೇಬಲ್ ಮೇಲೆ ಮರಳು ಹಾಕಿ ಇಟ್ಟಿಗೆ ಮುಚ್ಚಿರುತ್ತಾರೆ. ಇವರ ಸೈಟಲ್ಲಿ ಇಟ್ಟಿಗೆ ಇರಲಿಲ್ವಾ?

---

ಕೇಬಲ್ ಕಂಟ್ರಾಕ್ಟರ್

ನಿಮ್ಮ ಮಾತು ನೂರಕ್ಕೆ ನೂರು ಸರಿ ಅಣ್ಣ. ಆ ಸೈಟ್‌ನಲ್ಲಿ ಇಟ್ಟಿಗೆಯೂ ಇರಲಿಲ್ಲ, ಎಚ್ಚರಿಕೆ ಟೇಪೂ ಇರಲಿಲ್ಲ. ಕೇಬಲ್ ಹಾಕಿದಾಗ ಇದ್ದಿರಬೇಕು. ಅಲ್ಲಿ ಆಮೇಲೆ ರಸ್ತೆ ಅಗಲ ಮಾಡಿದ್ದಾರೆ, ಮಟ್ಟವನ್ನೂ ಕೆತ್ತಿ ತಗ್ಗಿಸಿದ್ದಾರೆ. ಐಎಸ್ 1255 ಪ್ರಕಾರ 11 ಕೆವಿ ಕೇಬಲ್ ಮೇಲೆ ಕಡಿಮೆ ಅಂದರೂ 90 ಸೆಂಟಿಮೀಟರ್ ಮಣ್ಣಿರಬೇಕು. ತುಂಡಾದ ಜಾಗದಲ್ಲಿ ಅಳೆದಾಗ 55 ಇತ್ತು.

ಗುರುತು ತಪ್ಪಿದ್ದೂ ಇದರಿಂದಲೇ. ನಕ್ಷೆಯಲ್ಲಿ ಕಾಂಪೌಂಡ್‌ನಿಂದ 1.2 ಮೀಟರ್ ಅಂತ ಇದೆ. ರಸ್ತೆ ಅಗಲ ಮಾಡಿದಾಗ ಆ ಕಾಂಪೌಂಡನ್ನೇ 90 ಸೆಂಟಿಮೀಟರ್ ಹಿಂದಕ್ಕೆ ಕಟ್ಟಿದ್ದಾರೆ. ಕೇಬಲ್ ಇದ್ದಲ್ಲೇ ಇದೆ, ಅಳತೆ ಶುರುವಾಗುವ ಗೋಡೆ ಸರಿದಿದೆ. ನಕ್ಷೆ ಹಿಡಿದು ಅಳೆದವರಿಗೆ ಚರಂಡಿ ಗೆರೆ ಕೇಬಲ್‌ನಿಂದ ದೂರ ಇದೆ ಅಂತಲೇ ಅನ್ನಿಸುತ್ತದೆ. ನಿಜವಾಗಿ ಕೇಬಲ್ ಇದ್ದದ್ದು 2.1 ಮೀಟರ್‌ಗೆ, ಸರಿಯಾಗಿ ಚರಂಡಿ ಕೆಳಗೆ.

---

ಸಿವಿಲ್ ಕಂಟ್ರಾಕ್ಟರ್

ಇದನ್ನೇ ನಾನು ಹೇಳಬೇಕು ಅಂತಿದ್ದೆ. ಆ ಚರಂಡಿ ಕೆಲಸ ನನ್ನದಲ್ಲ, ಆದರೆ ಇದೇ ಥರದ ಒಂದು ಬಿಲ್ ನನ್ನ ಮೇಲೂ ಬಂದಿದೆ. ಕೆಲಸ ಶುರು ಮಾಡುವ ಮುಂಚೆ ನಾವು ಪತ್ರ ಕೊಡುತ್ತೇವೆ. ಅವರು ನಕ್ಷೆ ಕೊಡುತ್ತಾರೆ. ನಕ್ಷೆ ತಪ್ಪಿದ್ದರೆ ನಾವು ಯಾಕೆ ದುಡ್ಡು ಕಟ್ಟಬೇಕು? 'ಕಾಲ್ ಬಿಫೋರ್ ಯು ಡಿಗ್' ಆ್ಯಪ್‌ನಲ್ಲೂ ಹಾಕಿದ್ದೆವು. ಆದರೂ ನಮ್ಮದೇ ತಪ್ಪು ಅಂದರೆ ಹೇಗೆ?

---

ನಿವೃತ್ತ ಎಇಇ

ಆ ಆ್ಯಪ್ 2023ರ ಮಾರ್ಚ್‌ನಲ್ಲಿ ಬಂತು. ನೀವು ಅಗೆಯುವ ಜಾಗ ತಿಳಿಸಿದರೆ, ಅಲ್ಲಿ ಆಸ್ತಿ ಇರುವವರಿಗೆ ಸುದ್ದಿ ಹೋಗುತ್ತದೆ. ಯಾರೋ ಬಂದು ರಸ್ತೆ ಮೇಲೆ ಬಣ್ಣ ಬಳಿದು ಹೋಗುತ್ತಾರೆ ಅಂತ ಅಲ್ಲ. ಸುದ್ದಿ ಮುಟ್ಟಿಸಿದ್ದೀರಿ ಅನ್ನುವುದಕ್ಕೆ ದಾಖಲೆ ಆಗುತ್ತದೆ, ಆದರೆ ಕೇಬಲ್ ಎಲ್ಲಿದೆ ಅನ್ನುವುದಕ್ಕೆ ಅದು ಉತ್ತರ ಅಲ್ಲ.

ಕಾನೂನಿನಲ್ಲಿ, 2003ರ ವಿದ್ಯುತ್ ಕಾಯ್ದೆಯ 139ನೇ ಸೆಕ್ಷನ್ ನಿರ್ಲಕ್ಷ್ಯದಿಂದ ವಿದ್ಯುತ್ ಸಾಮಗ್ರಿ ಹಾಳು ಮಾಡಿದವರಿಗೆ ಹತ್ತು ಸಾವಿರ ರೂಪಾಯಿ ತನಕ ದಂಡ ಅನ್ನುತ್ತದೆ. ರಿಪೇರಿ ಖರ್ಚಿನ ವಸೂಲಿ ಬೇರೆ ಮಾತು. ಅಲ್ಲಿ ಎಲ್ಲ ನಿಂತಿರುವುದು 'ನಿರ್ಲಕ್ಷ್ಯ' ಇತ್ತಾ ಇಲ್ವಾ ಅನ್ನುವುದರ ಮೇಲೆ. ನಕ್ಷೆ ಸಿಕ್ಕ ಮೇಲೆ ಕೈಯಲ್ಲಿ ಟ್ರಯಲ್ ಪಿಟ್ ತೆಗೆದಿದ್ದರಾ ಅಂತ ಮೊದಲು ಕೇಳುತ್ತಾರೆ. ತೆಗೆದಿದ್ದರೆ ಫೋಟೋ ಇಟ್ಟುಕೊಳ್ಳಿ.

---

ಸಿವಿಲ್ ಕಂಟ್ರಾಕ್ಟರ್

ಎಷ್ಟು ಪಿಟ್ ಅಂತ ತೆಗೆಯೋದು ಸರ್? ಒಂದು ಕಿಲೋಮೀಟರ್ ಚರಂಡಿಗೆ? ಟೆಂಡರ್ ರೇಟಲ್ಲಿ ಅದಕ್ಕೆ ಒಂದು ಪೈಸೆ ಇರಲ್ಲ.

---

ಕೇಬಲ್ ಕಂಟ್ರಾಕ್ಟರ್

ಎಲ್ಲ ಕಡೆ ಬೇಡ. ಮೊದಲು ಲೊಕೇಟರ್ ಓಡಿಸಿ. ಕೇಬಲ್ ಗೆರೆ ನಿಮ್ಮ ಚರಂಡಿ ಹತ್ತಿರ ಬರುವ ಕಡೆ, ದಾಟುವ ಕಡೆ, ತಿರುಗುವ ಕಡೆ ಪಿಟ್ ಸಾಕು.

ಲೊಕೇಟರ್ ಬಗ್ಗೆಯೂ ಒಂದು ಮಾತು. ರಿಪೇರಿ ಮುಗಿದ ಮೇಲೆ ಇಡೀ 640 ಮೀಟರ್‌ಗೆ ಹೊಸದಾಗಿ ಗುರುತು ಹಾಕಿದೆವು. ಲೈನ್ ಕ್ಲಿಯರ್ ಇದ್ದಾಗಲೇ ಆರ್‌ಎಂಯುನಲ್ಲಿ ಟ್ರಾನ್ಸ್‌ಮಿಟರನ್ನು ನೇರವಾಗಿ ಕೇಬಲ್‌ಗೆ ಕಟ್ಟಿ, ಆದಷ್ಟು ಕಡಿಮೆ ಫ್ರೀಕ್ವೆನ್ಸಿ ಇಟ್ಟೆವು. ಜಾಸ್ತಿ ಫ್ರೀಕ್ವೆನ್ಸಿ ಕೊಟ್ಟರೆ ಸಿಗ್ನಲ್ ಪಕ್ಕದ ನೀರಿನ ಪೈಪಿಗೂ ಇನ್ನೊಂದು ಕೇಬಲ್‌ಗೂ ಹಾರುತ್ತದೆ, ಆಗ ಪೈಪ್ ಮೇಲೆ ನಿಂತು ಕೇಬಲ್ ಸಿಕ್ಕಿತು ಅಂದುಕೊಳ್ಳುತ್ತೀರಿ. ಶಬ್ದ ಅತಿ ಜೋರಾಗುವ ಜಾಗಕ್ಕೂ, ಇನ್ನೊಂದು ಮೋಡ್‌ನಲ್ಲಿ ಶಬ್ದ ಪೂರ್ತಿ ಸತ್ತುಹೋಗುವ ಜಾಗಕ್ಕೂ ತಾಳೆ ನೋಡಬೇಕು. ಎರಡೂ ಒಂದೇ ಕಡೆ ಬಂದರೆ ನಂಬಬಹುದು. ಒಂದು ಅಡಿ ಆಚೀಚೆ ಆದರೆ ಪಕ್ಕದಲ್ಲಿ ಬೇರೆ ಲೋಹ ಇದೆ ಅಂತ ಅರ್ಥ, ಅಲ್ಲಿ ತೋರಿಸುವ ಆಳವೂ ಸುಳ್ಳು. ಹಾಗಾದ ಎರಡು ಜಾಗದಲ್ಲಿ ನಾವು ಕೈಯಲ್ಲಿ ಅಗೆದೇ ನೋಡಿದೆವು. ಒಂದು ಕಡೆ ಹಳೇ ಕಬ್ಬಿಣದ ನೀರಿನ ಪೈಪ್ ಕೇಬಲ್ ಪಕ್ಕದಲ್ಲೇ ಇತ್ತು.

ಹೊಸ ಎರಡು ಜಾಯಿಂಟ್‌ಗಳ ಜಾಗವನ್ನು ಗೋಡೆಯಿಂದ ಅಳೆದಿಲ್ಲ. ಟಿಸಿ ಕಟ್ಟೆಯ ಮೂಲೆ ಮತ್ತು ಮೋರಿಯ ಮೂಲೆ, ಈ ಎರಡರಿಂದಲೂ ದೂರ ಬರೆದಿದ್ದೇವೆ. ಫೋನಿನ ಜಿಪಿಎಸ್ ಅಂಕಿಯನ್ನೂ ಕೊಟ್ಟಿದ್ದೇವೆ, ಆದರೆ ಅದು ಐದಾರು ಮೀಟರ್ ಆಚೀಚೆ ಹೋಗುತ್ತದೆ. ಗುಂಡಿ ತೆಗೆಯುವುದಕ್ಕೆ ಅದೊಂದನ್ನೇ ನಂಬಬೇಡಿ.

---

ಸೈಟ್ ಎಲೆಕ್ಟ್ರಿಷಿಯನ್

ಒಪ್ಪಿದೆ ಅಣ್ಣ, ಟಿಡಿಆರ್ ವಿಷಯ ಈಗ ಅರ್ಥ ಆಯಿತು. ಜಾಯಿಂಟ್ ಹಾಕುವಾಗ ಏನು ಎಚ್ಚರ ಬೇಕು ಅಂತ ಹೇಳಿ. ನಮ್ಮ ಕಡೆ ಹಾಕಿದ ಜಾಯಿಂಟ್ ವರ್ಷದೊಳಗೇ ಹೋಗುತ್ತವೆ. ಕಿಟ್ ಕಳಪೆ ಅಂತ ಎಲ್ಲರೂ ಅನ್ನುತ್ತಾರೆ.

---

ಕೇಬಲ್ ಕಂಟ್ರಾಕ್ಟರ್

ಕಿಟ್ ತಪ್ಪು ಇರಬಹುದು, ಆದರೆ ನಾನು ಬಿಚ್ಚಿ ನೋಡಿದವುಗಳಲ್ಲಿ ಹೆಚ್ಚಿನವು ಕೈಕೆಲಸದಿಂದ ಹೋದವು. ಎರಡು ವಿಷಯ ಹೇಳುತ್ತೇನೆ.

ಒಂದು ನೀರು. ತುಂಡಾದ ತುದಿ ಚರಂಡಿ ಕೆಸರಲ್ಲಿ ಬಿದ್ದಿರುತ್ತದೆ. ಕಂಡಕ್ಟರ್ ಎಳೆಗಳ ಮಧ್ಯೆ ನೀರು ಒಳಕ್ಕೆ ಹತ್ತುತ್ತದೆ. ಎರಡನೇ ಆರ್‌ಎಂಯು ಕಡೆ ಮೊದಲು 30 ಸೆಂಟಿಮೀಟರ್ ಕತ್ತರಿಸಿ ಎಳೆ ಬಿಡಿಸಿದಾಗ ಒಳಗೆ ಇನ್ನೂ ಪಸೆ ಇತ್ತು. ಒಟ್ಟು ಒಂದು ಮೀಟರ್ ಹಿಂದಕ್ಕೆ ಹೋದ ಮೇಲೆ ಒಣಗಿದ ಎಳೆ ಸಿಕ್ಕವು. ಉದ್ದ ಉಳಿಸೋಣ ಅಂತ ಅಲ್ಲೇ ಜಾಯಿಂಟ್ ಹಾಕಿದರೆ ಅಂದು ಟೆಸ್ಟ್ ಪಾಸ್ ಆಗುತ್ತದೆ, ತಿಂಗಳುಗಳ ನಂತರ ಹೋಗುತ್ತದೆ.

ಇನ್ನೊಂದು, ಇನ್ಸುಲೇಷನ್ ಮೇಲಿನ ಕಪ್ಪು ಸೆಮಿಕಾನ್ ಪದರ. ಅದನ್ನು ಸುಲಿಯುವಾಗ ಚಾಕು ಒಳಗಿನ ಬಿಳಿ ಇನ್ಸುಲೇಷನ್‌ಗೆ ತಾಗಬಾರದು. ಉಗುರಿನಿಂದ ಸವರಿದರೆ ಗೀರು ಗೊತ್ತಾಗುತ್ತದೆ. ಗೀರು ಇದ್ದರೆ ಅಲ್ಲೇ ಗಾಳಿ ಸಿಕ್ಕಿಕೊಂಡು ಒಳಗೊಳಗೇ ಸಣ್ಣ ಕಿಡಿ ಶುರುವಾಗುತ್ತದೆ. ಒರೆಸುವಾಗಲೂ ಬಿಳಿ ಭಾಗದಿಂದ ಕಪ್ಪಿನ ಕಡೆಗೇ ಒರೆಸಬೇಕು. ಕಪ್ಪಿನಿಂದ ಬಿಳಿಗೆ ಒರೆಸಿದರೆ ಕರಿ ಅಂಶ ಇನ್ಸುಲೇಷನ್ ಮೇಲೆ ಹರಡುತ್ತದೆ. ನಮ್ಮ ಜಾಯಿಂಟರ್ ಒಂದು ಬಟ್ಟೆಯನ್ನು ಒಂದು ಸಲ ಒರೆಸಿ ಎಸೆಯುತ್ತಾರೆ. ದುಂದು ಅನ್ನಿಸಬಹುದು, ಆದರೆ ಸರಿಯಾದ ಕ್ರಮ ಅದೇ.

ಕೊನೆಗೆ ಇನ್ಸುಲೇಷನ್ ತಡೆಯುತ್ತದಾ ಅಂತ ನೋಡುವ ವಿಎಲ್‌ಎಫ್ ಟೆಸ್ಟ್, 0.1 ಹರ್ಟ್ಸ್‌ನಲ್ಲಿ ಸುಮಾರು 12 ಕೆವಿ, ಪ್ರತಿ ಫೇಸ್‌ಗೆ 15 ನಿಮಿಷ. ಹಳೇ ಎಕ್ಸ್‌ಎಲ್‌ಪಿಇಗೆ ಡಿಸಿ ಹೈಪಾಟ್ ಹಾಕುವುದನ್ನು ನಾವು ಬಿಟ್ಟಿದ್ದೇವೆ.

---

ಜೆಸಿಬಿ ಆಪರೇಟರ್

ಒಂದು ಕೇಳಬೇಕಿತ್ತು. ಬಕೆಟ್ ತಾಗಿದೆ, ಸ್ವಲ್ಪ ಸಿಪ್ಪೆ ಕಿತ್ತಿದೆ, ಕರೆಂಟ್ ಹೋಗಿಲ್ಲ. ಆಗ ಎಷ್ಟೋ ಜನ ಮಣ್ಣು ಎಳೆದು ಮುಚ್ಚಿಬಿಡುತ್ತಾರೆ. ಹೇಳಿದರೆ ಬಿಲ್ ಬರುತ್ತೆ ಅಂತ. ಅದರಿಂದ ಏನಾಗುತ್ತೆ?

---

ನಿವೃತ್ತ ಎಇಇ

ಅದು ತುಂಡಾಗುವುದಕ್ಕಿಂತ ಕೆಟ್ಟದ್ದು. ಹೊರ ಪದರ ಹರಿದ ಕಡೆ ನೀರು ಸೇರಿ, ಆರ್ಮರ್ ತುಕ್ಕು ಹಿಡಿದು, ನಿಧಾನವಾಗಿ ಇನ್ಸುಲೇಷನ್ ಹಾಳಾಗುತ್ತದೆ. ಒಂದು ದಿನ ಯಾರೂ ಅಗೆಯದ ಹೊತ್ತಲ್ಲಿ ಫಾಲ್ಟ್ ಬರುತ್ತದೆ, ಆಗ ಎಲ್ಲಿ ಅಂತ ಹುಡುಕುವುದಕ್ಕೇ ಒಂದು ಹಗಲು ಬೇಕು. ತಾಗಿದ ದಿನವೇ ಹೇಳಿದರೆ, ಪೆಟ್ಟು ಹೊರ ಪದರಕ್ಕೆ ಮಾತ್ರ ಇದ್ದಾಗ ರಿಪೇರಿ ತೋಳು ಸುತ್ತಿ ಮುಗಿಸಬಹುದು. ಜಾಯಿಂಟೇ ಬೇಕಾಗುವುದಿಲ್ಲ.

ಇನ್ನೊಂದು ಮಾತು. ಬಕೆಟ್ ಲೈನ್‌ಗೆ ಸಿಕ್ಕಾಗ ಕ್ಯಾಬಿನ್‌ನಲ್ಲೇ ಕೂತಿರಿ. ಲೈನ್ ಬಂದ್ ಆಗಿದೆ ಅಂತ ಖಚಿತ ಆಗುವ ತನಕ ಇಳಿಯಬೇಡಿ. ಬೆಂಕಿ ಹತ್ತಿ ಇಳಿಯಲೇಬೇಕಾದರೆ, ಮೆಷಿನ್ನನ್ನೂ ನೆಲವನ್ನೂ ಒಟ್ಟಿಗೆ ಮುಟ್ಟದ ಹಾಗೆ ಎರಡೂ ಕಾಲು ಜೋಡಿಸಿ ಹಾರಿ, ಕಾಲು ಜೋಡಿಸಿಕೊಂಡೇ ದೂರ ಹೋಗಿ.

---

ಸಿವಿಲ್ ಕಂಟ್ರಾಕ್ಟರ್

ಮತ್ತೆ ದುಡ್ಡಿನ ವಿಚಾರಕ್ಕೆ ಬರೋಣ. ಹಳೇ ಜಾಯಿಂಟ್ ಮೊದಲೇ ಕೆಟ್ಟಿತ್ತು ಅಂತ ಆ ಚರಂಡಿಯವರು ವಾದಿಸಿದರೆ? ಆರ್, ಬಿ ಅಡ್ಡ ಹಾಕಿದವರು ಬೇರೆ ಏನೇನು ಮಾಡಿದ್ದಾರೋ ಯಾರಿಗೆ ಗೊತ್ತು. 14 ಮೀಟರ್ ಕೇಬಲ್ ಬಿಲ್ ಅವರ ಮೇಲೆ ಯಾಕೆ?

---

ಕೇಬಲ್ ಕಂಟ್ರಾಕ್ಟರ್

ಅವರು ಈಗಾಗಲೇ ಹಾಗೇ ವಾದಿಸುತ್ತಿದ್ದಾರೆ, ಅದನ್ನು ಪೂರ್ತಿ ತಳ್ಳಿಹಾಕುವುದಕ್ಕೆ ಆಗಲ್ಲ. ನಾನು ಕಂಡದ್ದು ಇಷ್ಟು. ವೈ ಫೇಸ್‌ನ ಕಂಡಕ್ಟರ್ ತುದಿಗಳನ್ನು ಒತ್ತಿ ಸೇರಿಸುವ ಲೋಹದ ಕೊಳವೆ, ಅಂದರೆ ಫೆರೂಲ್‌ನಿಂದ ಕಂಡಕ್ಟರ್ ಸುಮಾರು 12 ಎಂಎಂ ಹೊರಗೆ ಜಾರಿತ್ತು. ಜಾರಿದ ಭಾಗದ ಅಲ್ಯೂಮಿನಿಯಂ ಹೊಳೆಯುತ್ತಿತ್ತು, ಮಂಕಾಗಿರಲಿಲ್ಲ. ಅಂದರೆ ಜಾರಿದ್ದು ಅವತ್ತೇ. ಆದರೆ ಆರ್ ಮತ್ತು ಬಿ ಫೆರೂಲ್‌ಗಳ ಮೇಲೆ ಒಂದೊಂದು ಕಡೆಗೆ ಎರಡೆರಡು ಕ್ರಿಂಪ್ ಗುರುತು ಇವೆ, ವೈ ಮೇಲೆ ಒಂದೇ. ಸರಿಯಾಗಿ ಒತ್ತಿದ್ದರೆ ಆ ಜಗ್ಗನ್ನು ತಡೆಯುತ್ತಿತ್ತೋ ಏನೋ.

---

ನಿವೃತ್ತ ಎಇಇ

ಒಂದೇ ಕ್ರಿಂಪ್‌ನಲ್ಲೂ ಅಷ್ಟು ವರ್ಷ ಲೋಡ್ ತೆಗೆದುಕೊಂಡಿದೆಯಲ್ಲ. ಎಳೆಯದಿದ್ದರೆ ಇನ್ನೂ ನಡೆಯುತ್ತಿತ್ತು ಅಂತ ಇಲಾಖೆಯವರು ಹೇಳುತ್ತಾರೆ. ಫೆರೂಲ್ ಹತ್ತಿರದ ಇನ್ಸುಲೇಷನ್ ಬಿಸಿಗೆ ಕಂದಿದೆಯಾ ನೋಡಿ. ಕಂದಿದ್ದರೆ ಜಾಯಿಂಟ್ ಮೊದಲೇ ಕಾಯುತ್ತಿತ್ತು ಅಂತ ಚರಂಡಿಯವರ ಮಾತಿಗೆ ತೂಕ ಬರುತ್ತದೆ.

---

ಕೇಬಲ್ ಕಂಟ್ರಾಕ್ಟರ್

ವೈ ಫೇಸ್‌ನ ಒಳ ತೋಳನ್ನು ಒಂದು ಕಡೆ ಮಾತ್ರ ಸೀಳಿದ್ದೇನೆ ಸರ್, ಪೂರ್ತಿ ಬಿಚ್ಚಿಲ್ಲ. ಸೀಳಿದ ಕಡೆ ಬಣ್ಣ ಸ್ವಲ್ಪ ಹಳದಿಗೆ ತಿರುಗಿದ ಹಾಗಿದೆ, ಕೆಸರಿನಿಂದಲೂ ಹಾಗೆ ಕಾಣಬಹುದು. ಜಾಯಿಂಟನ್ನು ಹಾಗೇ ಪ್ಲಾಸ್ಟಿಕ್‌ನಲ್ಲಿ ಸುತ್ತಿ ಸ್ಟೋರ್‌ನಲ್ಲಿ ಇಟ್ಟಿದ್ದೇವೆ. ಸೋಮವಾರ ಇಲಾಖೆಯವರು, ಚರಂಡಿ ಕಂಟ್ರಾಕ್ಟರ್ ಇಬ್ಬರೂ ಇರುವಾಗಲೇ ಉಳಿದದ್ದನ್ನು ಬಿಚ್ಚುತ್ತೇವೆ. ಫೋಟೋಗಳನ್ನು ಇಲ್ಲೇ ಹಾಕುತ್ತೇನೆ.

---

ಸಿವಿಲ್ ಕಂಟ್ರಾಕ್ಟರ್

ಫೆರೂಲ್‌ನ ಎರಡೂ ಬದಿಯ ಫೋಟೋ ಹಾಕಿ ಅಣ್ಣ, ಅಳತೆ ಪಟ್ಟಿ ಪಕ್ಕದಲ್ಲಿ ಇಟ್ಟು. ನನ್ನ ಬಿಲ್ ವಿಚಾರಣೆಗೂ ಬೇಕಾಗುತ್ತದೆ.